ಕೇಳಿದ ಮೇಲೆ ಕಿವಿಯನ್ನೂ ಕೊಡಬೇಕು



ತರಗತಿಯಲ್ಲಿ ಪಾಠ ಮುಗಿಸಿ "ಅರ್ಥವಾಯಿತೇ?" ಎಂದು ಕೇಳಿದರೆ ಹಿಂದಿನ ಬೆಂಚಿನವರೆಗೂ ಒಂದೇ ಸ್ವರದಲ್ಲಿ "ಆಯ್ತು ಹಜ್ರತ್" ಎಂಬ ಉತ್ತರ ಬರುತ್ತದೆ. ಇಪ್ಪತ್ತು ವರ್ಷಗಳಿಂದ ಈ ಉತ್ತರವನ್ನು ಕೇಳುತ್ತಿರುವ ನಾವು ಅದನ್ನು ಎಂದೂ ಪೂರ್ತಿ ನಂಬಿದವರಲ್ಲ. ಹೀಗಿದ್ದೂ ಕೈಯಲ್ಲಿ ಮೊಬೈಲ್ ಹಿಡಿದು ಅದೇ ಪ್ರಶ್ನೆಯನ್ನು ಅದೇ ಧಾಟಿಯಲ್ಲಿ ಕೇಳಿದಾಗ, ಬಂದ ಉತ್ತರವನ್ನು ನಂಬಿಬಿಟ್ಟೆವು. ಆ ತಪ್ಪನ್ನೂ, ಅದರ ನಂತರ ನಮ್ಮಿಂದಾದ ಇನ್ನೂ ದೊಡ್ಡ ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇವೆ. ಊರಿನ ಮಕ್ಕಳಿಗಾಗಿ, ಜಮಾಅತಿಗಾಗಿ, ಶಾಲೆಗಾಗಿ ಇಂತಹ ಪುಟ ನಡೆಸುವ ಯುವಕರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ನಮ್ಮ ಅನುಭವ ಅವರಿಗೆ ಉಪಯೋಗಕ್ಕೆ ಬಂದೀತು.

ಬೀರೂರಿನಲ್ಲಿ ನಾವು ಸಂಜೆಯ ಹೊತ್ತು ಕನ್ನಡ ಪಾಠ ಹೇಳುತ್ತೇವೆ. ಮನೆಯಲ್ಲಿ ಉರ್ದು ಮಾತನಾಡುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯ ಕನ್ನಡ ಪತ್ರಿಕೆ ಒಂದು ಹೊಳೆ ದಾಟಿದಂತೆ. ಕಡೂರು, ತರೀಕೆರೆ, ಅಜ್ಜಂಪುರದ ಮಕ್ಕಳು ದಿನವೂ ಇಲ್ಲಿಗೆ ಬಂದು ಹೋಗುವುದು ಆಗದ ಮಾತು. ಆದ್ದರಿಂದ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ತೆರೆದೆವು. ನಾವು ಪಾಠ ಬರೆಯುವುದು, ಶಿಕ್ಷಕಿಯಾಗಿದ್ದು ನಿವೃತ್ತರಾದ ಒಬ್ಬ ಆಪಾ ಅದನ್ನು ತಿದ್ದುವುದು, ನಮ್ಮ ಹಳೆಯ ವಿದ್ಯಾರ್ಥಿಯೂ ಮೊಬೈಲ್ ರಿಪೇರಿ ಅಂಗಡಿಯವನೂ ಆದ ಒಬ್ಬ ಯುವಕ ಅದನ್ನು ಪುಟಕ್ಕೆ ಹಾಕುವುದು, ಹೀಗೆ ಮೂವರ ಕೆಲಸ. ಆರುನೂರರಷ್ಟು ಜನ ಪುಟವನ್ನು ಹಿಂಬಾಲಿಸತೊಡಗಿದರು. ಆದರೆ ಒಂದು ವರ್ಷ ಕಳೆದರೂ ಅವರಾರೂ ಮಾತನಾಡಲಿಲ್ಲ. ಪ್ರತಿ ಪಾಠದ ಕೆಳಗೆ "ಮಾಷಾ ಅಲ್ಲಾಹ್", "ಸೂಪರ್ ಸರ್", ಒಂದೆರಡು ಹೃದಯದ ಚಿತ್ರಗಳು. ನಾವು ಗೋಡೆಗೆ ಪಾಠ ಹೇಳುತ್ತಿದ್ದೇವೆ ಎನ್ನಿಸುತ್ತಿತ್ತು.

2025ರ ಜನವರಿಯ ಒಂದು ದಿನ ಆ ಯುವಕನ ಸಲಹೆಯಂತೆ ಮೊದಲ ಮತಪ್ರಶ್ನೆಯನ್ನು ಹಾಕಿದೆವು. ಇನ್‌ಸ್ಟಾಗ್ರಾಮಿನ ಸ್ಟೋರಿಯಲ್ಲಿ 'ಪೋಲ್' ಎಂಬ ಚೀಟಿ ಅಂಟಿಸುವ ಸೌಲಭ್ಯವಿದೆ. ಪ್ರಶ್ನೆಯನ್ನು ಬರೆದು ಕೆಳಗೆ ಉತ್ತರಗಳನ್ನು ಕೊಟ್ಟರೆ ನೋಡುವವರು ಒಂದನ್ನು ಒತ್ತಬಹುದು. 24 ಗಂಟೆ ಕಳೆದರೆ ಸ್ಟೋರಿ ಮರೆಯಾಗುತ್ತದೆ. ನಮ್ಮ ಪ್ರಶ್ನೆ ಹೀಗಿತ್ತು: "ಕನ್ನಡ ಪಾಠಗಳು ನಿಮಗೆ ಅರ್ಥವಾಗುತ್ತಿವೆಯೇ?" ಉತ್ತರಗಳು ಎರಡು: "ಹೌದು", "ಇಲ್ಲ". ಮರುದಿನ ನೋಡಿದರೆ 47 ಜನ ಉತ್ತರಿಸಿದ್ದರು; ಅವರಲ್ಲಿ 43 ಜನ "ಹೌದು". ನಮಗೆ ಬಹಳ ಸಂತೋಷವಾಯಿತು. ಅದೇ ವಾರ ಸಂಜೆ ತರಗತಿಯ ಕಿರುಪರೀಕ್ಷೆಯ ಹಾಳೆಗಳನ್ನು ತಿದ್ದಲು ಕುಳಿತಾಗ ಆ ಸಂತೋಷ ಇಳಿಯಿತು. "ಹೌದು" ಎಂದಿದ್ದವರಲ್ಲಿ ಆರೇಳು ಮಕ್ಕಳ ಹಾಳೆ ಅರ್ಧಕ್ಕರ್ಧ ಖಾಲಿಯಿತ್ತು.

ಯಾರು "ಹೌದು" ಎಂದಿದ್ದರೆಂದು ನಮಗೆ ತಿಳಿದದ್ದಾದರೂ ಹೇಗೆ? ಉತ್ತರ ಆ ಪ್ರಶ್ನೆಯಲ್ಲಿಯೇ ಇತ್ತು. ಸ್ಟೋರಿಯನ್ನು ಮೇಲಕ್ಕೆ ಸರಿಸಿದರೆ ಯಾರು ನೋಡಿದರು, ಯಾರು ಯಾವುದನ್ನು ಒತ್ತಿದರು ಎಂಬುದು ಪುಟದ ಒಡೆಯನಿಗೆ ಹೆಸರಿನ ಸಮೇತ ಕಾಣುತ್ತದೆ. ಒತ್ತಿದವರಿಗೆ ಕಾಣುವುದು ಶೇಕಡಾವಾರು ಲೆಕ್ಕ ಮಾತ್ರ. ನಮಗೆ ಇದು ಆಗಷ್ಟೇ ತಿಳಿದಿತ್ತು; ಮಕ್ಕಳಿಗೆ ಮೊದಲೇ ತಿಳಿದಿತ್ತು. ಎದುರಿಗೆ ಕುಳಿತು ಹೆಸರು ಬರೆದುಕೊಳ್ಳುವ ಮೇಷ್ಟರಿಗೆ "ನಿಮ್ಮ ಪಾಠ ನನಗೆ ಅರ್ಥವಾಗಿಲ್ಲ" ಎಂದು ಯಾವ ಮಗು ಹೇಳೀತು? ಅವರು ನಮ್ಮ ಪ್ರಶ್ನೆಗೆ ಉತ್ತರಿಸಿರಲಿಲ್ಲ, ಅದಬ್ ತೋರಿಸಿದ್ದರು, ಅಷ್ಟೆ.

ಆಪಾ ಇನ್ನೂ ಒಂದು ವಿಷಯವನ್ನು ಹೇಳಿದರು. ಅದು ನಮ್ಮ ಬುದ್ಧಿಗೆ ಹೊಳೆದೇ ಇರಲಿಲ್ಲ. "ಹಜ್ರತ್, ಹೆಸರು ಹುಡುಗಿಯದಲ್ಲ, ಅವಳ ಅಣ್ಣನದು. ಮೊಬೈಲ್ ಅವನದು. ಅವಳು ಒತ್ತಿದ್ದನ್ನು ಅವನೂ ನೋಡುತ್ತಾನೆ" ಎಂದರು. ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಮೊಬೈಲು, ಒಂದೇ ಖಾತೆ. ಅದರ ಹಿಂದೆ ಮೂರು ನಾಲ್ಕು ಮಂದಿ. ಇಶಾ ನಮಾಜಿನ ಬಳಿಕ ಅಬ್ಬಾ ಮನೆಗೆ ಬಂದ ಮೇಲೆ ಮೊಬೈಲ್ ಮಗಳ ಕೈಗೆ ಬರುತ್ತದೆ, ಅದೂ ಅರ್ಧ ಗಂಟೆ. ಹೀಗಿರುವಾಗ 47 ಎಂಬುದು 47 ಮಕ್ಕಳ ಲೆಕ್ಕವೇ ಅಲ್ಲ. ಎಷ್ಟು ಖಾತೆಗಳಿಂದ ಒತ್ತಲಾಯಿತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಯಾರ ಬೆರಳು ಎಂಬುದು ತಿಳಿಯುವುದಿಲ್ಲ.

ಅಂದಿನಿಂದ ನಾವು ಪ್ರಶ್ನೆಯನ್ನು ಬರೆಯುವುದಕ್ಕೆ ಮುಂಚೆ ಒಂದು ಮಾತನ್ನು ನಮ್ಮಲ್ಲೇ ಕೇಳಿಕೊಳ್ಳುತ್ತೇವೆ: ಇದಕ್ಕೆ ಕೊಡುವ ಉತ್ತರ ಯಾರು ಯಾರಿಗೆ ಕಾಣುತ್ತದೆ? ವಾಟ್ಸಾಪ್ ಗುಂಪಿನ ಪೋಲ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಗುಂಪಿನ ಎಲ್ಲರಿಗೂ ಹೆಸರಿನ ಸಹಿತ ಕಾಣುತ್ತದೆ. ಇನ್‌ಸ್ಟಾಗ್ರಾಮಿನ ಪೋಲ್‌ನಲ್ಲಿ ಪುಟ ನಡೆಸುವವರಿಗಷ್ಟೇ ಕಾಣುತ್ತದೆ. ಪಾಠದ ಕೆಳಗಿನ ಕಾಮೆಂಟ್ ಊರಿಗೆಲ್ಲ ಕಾಣುತ್ತದೆ. ಪ್ರಶ್ನೆಪೆಟ್ಟಿಗೆಯಲ್ಲಿ, ಅಂದರೆ ಸ್ಟೋರಿಗೆ ಅಂಟಿಸುವ 'ಕ್ವೆಶ್ಚನ್ಸ್' ಚೀಟಿಯಲ್ಲಿ, ಬರೆದವರ ಹೆಸರು ನಮಗೆ ಕಾಣುತ್ತದೆ. ನಾವು ಆ ಬರಹವನ್ನು ಪುಟದಲ್ಲಿ ಹಂಚಿದರೆ ಹೆಸರು ಮರೆಯಾಗಿ ಬರಹ ಮಾತ್ರ ಎಲ್ಲರಿಗೂ ಕಾಣುತ್ತದೆ. ಯಾರಿಗೂ, ನಮಗೂ, ಹೆಸರು ತಿಳಿಯಬಾರದು ಎಂದಾದರೆ ಗೂಗಲ್ ಫಾರ್ಮ್ ಮಾಡಿ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆರಿಸಿಡಬೇಕು. ಒಬ್ಬರಿಗೆ ಒಂದೇ ಉತ್ತರ ಎಂಬ ಆಯ್ಕೆಯನ್ನೂ ಆರಿಸಿಡಬೇಕು. ಅದು ಇದ್ದರೆ ಲಾಗಿನ್ ಕೇಳುತ್ತದೆ, ಲಾಗಿನ್ ಎಂದೊಡನೆ ಮಕ್ಕಳು ಹಿಂಜರಿಯುತ್ತಾರೆ. ತರಗತಿ ಶನಿವಾರವೋ ಭಾನುವಾರವೋ ಎಂದು ಕೇಳುವುದಕ್ಕೆ ವಾಟ್ಸಾಪ್ ಸಾಕು. ಮನೆಯ ಕಷ್ಟ ಕೇಳುವುದಕ್ಕೆ ಅದು ಸಲ್ಲದು.

ಎರಡನೆಯ ಬಾರಿ ಪ್ರಶ್ನೆಯನ್ನು ಬರೆಯಲು ಮೂರು ದಿನ ತೆಗೆದುಕೊಂಡೆವು. ಮೊದಲ ಪ್ರಶ್ನೆಯಲ್ಲಿ ಒಂದು ಉತ್ತರ ಒಳ್ಳೆಯ ಮಗುವಿನದು, ಇನ್ನೊಂದು ದಡ್ಡ ಮಗುವಿನದು. ಇಂತಹ ಪ್ರಶ್ನೆಗೆ ನಿಜವಾದ ಉತ್ತರ ಬರುವುದು ಅಪರೂಪ. ಎಲ್ಲ ಉತ್ತರಗಳಿಗೂ ಒಂದೇ ಮರ್ಯಾದೆ ಇರುವಂತೆ ಪ್ರಶ್ನೆಯನ್ನು ತಿರುಗಿಸಬೇಕಿತ್ತು. ಕೊನೆಗೆ ಹೀಗೆ ಬರೆದೆವು: "ಕನ್ನಡ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಯಾವುದನ್ನು ಕೊನೆಗೆ ಬರೆಯೋಣ ಎಂದು ಬಿಟ್ಟಿಡುತ್ತೀರಿ?" ಕೆಳಗೆ ನಾಲ್ಕು ಉತ್ತರಗಳು: ಪ್ರಬಂಧ, ಪತ್ರಲೇಖನ, ಗಾದೆ ವಿಸ್ತರಣೆ, ಸಂಧಿ-ಸಮಾಸ. ಯಾವುದನ್ನಾದರೂ ಬಿಟ್ಟಿಡುವುದು ಎಲ್ಲರೂ ಮಾಡುವ ಕೆಲಸ. ಅದನ್ನು ಹೇಳಲು ಯಾರೂ ನಾಚಬೇಕಾಗಿಲ್ಲ.

ಹಾಕುವ ಹೊತ್ತನ್ನೂ ಬದಲಿಸಿದೆವು. ಮೊದಲು ನಮ್ಮ ಅನುಕೂಲಕ್ಕೆ ಮಧ್ಯಾಹ್ನ ಹಾಕುತ್ತಿದ್ದೆವು. ಈ ಬಾರಿ ರಾತ್ರಿ ಒಂಬತ್ತಕ್ಕೆ ಹಾಕಿದೆವು. ಮೊಬೈಲ್ ಮಕ್ಕಳ ಕೈಗೆ ಬರುವ ಹೊತ್ತು ಅದು.

61 ಉತ್ತರಗಳು ಬಂದವು. ವ್ಯಾಕರಣವೇ ಮಕ್ಕಳಿಗೆ ಕಷ್ಟ ಎಂದು ನಂಬಿ ಒಂದು ವರ್ಷ ಸಂಧಿ, ಸಮಾಸ, ವಿಭಕ್ತಿಗಳನ್ನೇ ಹೇಳಿಕೊಟ್ಟವರು ನಾವು. ಅದನ್ನು ಆರಿಸಿದವರು ಆರು ಜನ. ಗಾದೆಯನ್ನು 14, ಪ್ರಬಂಧವನ್ನು 12 ಜನ ಆರಿಸಿದ್ದರು. ಪತ್ರಲೇಖನವನ್ನು ಬಿಟ್ಟಿಡುತ್ತೇವೆ ಎಂದವರು 29. ಇದು ನಮಗೆ ಒಗಟಾಯಿತು. ಪತ್ರವೆಂದರೆ ಎಲ್ಲಕ್ಕಿಂತ ಸುಲಭವಾಗಿ ಅಂಕ ಸಿಗುವ ಪ್ರಶ್ನೆ. ಅದಕ್ಕೊಂದು ಕಟ್ಟುಪಾಡಿದೆ, 'ಇವರಿಂದ', 'ಇವರಿಗೆ', 'ಮಾನ್ಯರೇ', 'ವಿಷಯ' ಎಂದು ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಏಕೆ ಬಿಡುತ್ತಾರೆ?

ಮತಪ್ರಶ್ನೆ 'ಯಾವುದು' ಎಂಬುದನ್ನು ಹೇಳುತ್ತದೆ, 'ಏಕೆ' ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಮರುದಿನ ರಾತ್ರಿ ಪ್ರಶ್ನೆಪೆಟ್ಟಿಗೆಯನ್ನು ಇಟ್ಟೆವು. ಇಲ್ಲಿಯೂ ಎಡವುವುದು ಸುಲಭ. "ನಿಮ್ಮ ಸಮಸ್ಯೆಗಳನ್ನು ತಿಳಿಸಿ" ಎಂದು ಹಿಂದೊಮ್ಮೆ ಬರೆದು ಇಟ್ಟಾಗ ಪೆಟ್ಟಿಗೆಗೆ ಬಂದದ್ದು ಎರಡು ಸಲಾಮ್ ಮತ್ತು ಒಂದು "ಹಾಯ್". ಪ್ರಶ್ನೆ ಅಗಲವಾದಷ್ಟೂ ಉತ್ತರ ಬಡವಾಗುತ್ತದೆ, ಏಕೆಂದರೆ ಎಲ್ಲಿಂದ ಶುರುಮಾಡಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ಆದ್ದರಿಂದ ಈ ಬಾರಿ ಒಂದೇ ಒಂದು ಸಣ್ಣ ಜಾಗಕ್ಕೆ ಬೆರಳಿಟ್ಟು ಕೇಳಿದೆವು: "29 ಜನ ಪತ್ರವನ್ನು ಬಿಟ್ಟಿಡುತ್ತೇವೆ ಎಂದಿದ್ದೀರಿ. ಪತ್ರ ಬರೆಯುವಾಗ ಯಾವ ಸಾಲಿನಲ್ಲಿ ನಿಮ್ಮ ಪೆನ್ನು ನಿಲ್ಲುತ್ತದೆ?" ಕೆಳಗೆ ಇನ್ನೊಂದು ಸಾಲು: "ಒಂದು ಪದ ಬರೆದರೂ ಸಾಕು. ನಾಳೆ ರಾತ್ರಿಯೊಳಗೆ ಪ್ರತಿಯೊಬ್ಬರಿಗೂ ಉತ್ತರಿಸುತ್ತೇವೆ." ಹಿಂದಿನ ದಿನದ ಲೆಕ್ಕವನ್ನು ಪ್ರಶ್ನೆಯಲ್ಲಿಯೇ ಹೇಳಿದ್ದರಿಂದ, ತಮ್ಮ ಹಾಗೆ ಇನ್ನೂ 28 ಜನ ಇದ್ದಾರೆಂಬುದು ಆ ಮಕ್ಕಳಿಗೆ ತಿಳಿಯಿತು.

23 ಬರಹಗಳು ಬಂದವು. ಕೆಲವರು "ವಿಷಯ" ಎಂದರು, ಕೆಲವರು "ಕೊನೆಯ ಸಾಲು" ಎಂದರು. ಆದರೆ ಹನ್ನೊಂದು ಮಕ್ಕಳ ಉತ್ತರ ನಾವು ಎಣಿಸಿಯೇ ಇರದ ಜಾಗದಿಂದ ಬಂದಿತ್ತು. ಅಜ್ಜಂಪುರದ ಒಂದು ಮಗು ಹೀಗೆ ಬರೆದಿತ್ತು: "ಮೊದಲನೇ ಸಾಲಲ್ಲೇ. ನಮ್ಮ ಅಡ್ರೆಸ್ ಕನ್ನಡದಲ್ಲಿ ಬರೆಯೋಕೆ ಬರಲ್ಲ." ಉಳಿದವರ ಮಾತೂ ಹೆಚ್ಚುಕಡಿಮೆ ಅದೇ.

ಆ ರಾತ್ರಿ ಹಳೆಯ ಉತ್ತರಪತ್ರಿಕೆಗಳನ್ನು ಮತ್ತೆ ತೆಗೆದು ನೋಡಿದೆವು. ಹೌದು, ಪತ್ರದ ಮೇಲ್ಭಾಗದಲ್ಲಿಯೇ ಹೊಡೆದು ಅಳಿಸಿದ ಗುರುತುಗಳು. ಮನೆಯ ಉರ್ದುವಿನಲ್ಲಿ 'ಳ'ಕಾರವಿಲ್ಲ, 'ಣ'ಕಾರವಿಲ್ಲ. ಹಾಗಾಗಿ ಮಗುವಿನ ಕೈಯಲ್ಲಿ ಚಿಕ್ಕಮಗಳೂರು 'ಚಿಕ್ಕಮಗಲೂರು' ಆಗುತ್ತದೆ. ತರೀಕೆರೆಯ ದೀರ್ಘ ಎಲ್ಲಿ ಎಂಬ ಅನುಮಾನ. 'ತಾಲ್ಲೂಕು' ಎಂಬುದಕ್ಕೆ ಎಷ್ಟು 'ಲ' ಎಂಬ ಅನುಮಾನ. ತನ್ನ ಊರಿನ ಹೆಸರನ್ನೇ ತಪ್ಪು ಬರೆದೆನೇನೋ ಎಂದು ನಾಚಿದ ಮಗು, ತನಗೆ ಬರುವ ಒಕ್ಕಣೆಯನ್ನೂ ಬರೆಯದೆ ಇಡೀ ಪತ್ರವನ್ನು ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ನಾವೋ ಒಂದು ವರ್ಷ ಸವರ್ಣದೀರ್ಘ ಸಂಧಿಯನ್ನು ವಿವರಿಸುತ್ತಿದ್ದೆವು.

ಮರುದಿನ ಕಪ್ಪುಹಲಗೆಯ ಮೇಲೆ ನಾಲ್ಕೂ ಊರುಗಳ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಎಡವುವ ಅಕ್ಷರಗಳಿಗೆ ಕೆಂಪು ಸುಣ್ಣದಕಡ್ಡಿಯಿಂದ ಸುತ್ತು ಹಾಕಿ ಚಿತ್ರ ತೆಗೆದು ಹಾಕಿದೆವು. 23 ಮಕ್ಕಳಿಗೂ ಒಬ್ಬೊಬ್ಬರಿಗೇ ಉತ್ತರ ಬರೆದೆವು. ಆ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಪೆಟ್ಟಿಗೆ ಇಡುವ ಮುನ್ನ ಈ ಎರಡು ಗಂಟೆಯನ್ನು ಎತ್ತಿಟ್ಟುಕೊಂಡಿರಬೇಕು. ಒಮ್ಮೆ ಕೇಳಿ ಉತ್ತರಿಸದೆ ಬಿಟ್ಟರೆ ಮುಂದಿನ ಪೆಟ್ಟಿಗೆ ಖಾಲಿ ಬರುತ್ತದೆ. ನಮಗೆ ಉತ್ತರ ಸಿಕ್ಕ ಮಕ್ಕಳು ಮರುವಾರ ತಾವಾಗಿಯೇ ಬರೆದರು: "ಹಜ್ರತ್, ಹೊರಗೆ ಉಳಿದರೆ ಹಾಸ್ಟೆಲ್ ವಿಳಾಸ ಬರೆಯಬೇಕಾ?" "ಅಬ್ಬಾ ಹೆಸರು ಬರೆಯಬೇಕಾ?" ಇಲ್ಲಿ ಮೊದಲ ಬಾರಿಗೆ ಅವರು ಕೇಳಿದರು, ನಾವು ಹೇಳಿದೆವು. ಅಲ್ಹಮ್ದುಲಿಲ್ಲಾಹ್, ಪುಟದಲ್ಲಿ ಮಾತು ಹುಟ್ಟಿತು ಎಂದು ನಮಗೆ ಅನ್ನಿಸಿದ್ದು ಅಂದು.

ಕಾಮೆಂಟಿನ ವಿಷಯವನ್ನೂ ಆಪಾ ಅವರೇ ತಿದ್ದಿದರು. ಅಲ್ಲಿಯವರೆಗೆ ಪ್ರತಿ ಪಾಠದ ಕೊನೆಗೆ "ನಿಮ್ಮ ಅಭಿಪ್ರಾಯ ಬರೆಯಿರಿ" ಎಂದು ಬರೆಯುತ್ತಿದ್ದೆವು. ಮೇಷ್ಟರ ಪಾಠದ ಬಗ್ಗೆ ಊರೆದುರು ಹೇಳುವುದಕ್ಕೆ "ಸೂಪರ್ ಸರ್" ಬಿಟ್ಟು ಬೇರೇನಿದೆ? ಅವರಿಗೆ ಮಾತ್ರ ಗೊತ್ತಿರುವ, ನಮಗೆ ಗೊತ್ತಿಲ್ಲದ ಏನನ್ನಾದರೂ ಕೇಳಿ ಎಂದರು ಆಪಾ. ಒಂದು ದಿನ ಪೊರಕೆಯ ಚಿತ್ರವನ್ನು ಹಾಕಿ, "ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಪಕ್ಕದ ಮನೆಯವರು ಏನೆನ್ನುತ್ತಾರೆ?" ಎಂದು ಕೇಳಿದೆವು. ಮೊದಲ ಕಾಮೆಂಟನ್ನು ಆಪಾ ಅವರೇ ಬರೆದರು: "ನಮ್ಮ ಮನೆಯಲ್ಲಿ ಝಾಡು. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜಿ ಕಸಬರಿಗೆ ಕೇಳಿದಾಗ ಏನು ಕೊಡಬೇಕೆಂದು ತಿಳಿಯದೆ ಮೊರ ತೆಗೆದುಕೊಟ್ಟಿದ್ದೆ." ಆ ಒಂದು ಸಾಲು ಎಲ್ಲರ ನಾಲಗೆಯನ್ನೂ ಬಿಡಿಸಿತು. ಮೊದಲ ಕಾಮೆಂಟು ಹೇಗಿರುತ್ತದೆಯೋ ಉಳಿದವು ಬಹುಮಟ್ಟಿಗೆ ಹಾಗೆಯೇ ಇರುತ್ತವೆ; ಅದು "ಸೂಪರ್" ಆದರೆ ಹಿಂದೆ ಬರುವ ಹತ್ತೂ "ಸೂಪರ್". ಅಂದು ತಾಯಂದಿರು ಬರೆದರು. ತರೀಕೆರೆಯ ಒಬ್ಬರಿಗೂ ಅಜ್ಜಂಪುರದ ಒಬ್ಬರಿಗೂ ನಮ್ಮ ಹಂಗಿಲ್ಲದೆ ತಮ್ಮತಮ್ಮಲ್ಲೇ ಮಾತು ಬೆಳೆಯಿತು. ನಾವು ಸುಮ್ಮನಿದ್ದೆವು. ಇಂತಹ ಹೊತ್ತಿನಲ್ಲಿ ಪುಟದವರು ನಡುವೆ ಬಾಯಿ ಹಾಕಬಾರದು.

ಇನ್ನು ನಮ್ಮ ಎರಡನೆಯ ತಪ್ಪು. ಇದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ.

ಆ ವರ್ಷ ಮೇ ತಿಂಗಳ ಆರಂಭದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. 2024ರಲ್ಲಿ ಆರಂಭವಾದ ಪದ್ಧತಿಯಂತೆ ಆಗ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಿದ್ದವು. ಮೊದಲನೆಯದರಲ್ಲಿ ಉತ್ತೀರ್ಣರಾಗದವರು ಉಳಿದ ವಿಷಯಗಳನ್ನಷ್ಟೇ ಪರೀಕ್ಷೆ-2ರಲ್ಲಿ ಬರೆಯಬಹುದಿತ್ತು, ಅಲ್ಲಿಯೂ ಆಗದಿದ್ದರೆ ಪರೀಕ್ಷೆ-3ರಲ್ಲಿ. 2025ರಲ್ಲಿ ಪರೀಕ್ಷೆ-2 ಮೇ ತಿಂಗಳ ಕೊನೆಯಲ್ಲಿಯೇ ಆರಂಭವಾಯಿತು. ಅಂದರೆ ಫಲಿತಾಂಶ ಬಂದ ಮೇಲೆ ಶಾಲೆಗೆ ಹೋಗಿ ಹೆಸರು ನೋಂದಾಯಿಸಲು ಇದ್ದದ್ದು ಕೆಲವೇ ದಿನ. ಇದು ಎಷ್ಟು ಮನೆಗಳಿಗೆ ತಿಳಿದಿದೆ ಎಂದು ನೋಡಲು ಫಲಿತಾಂಶದ ಮರುರಾತ್ರಿ ಪ್ರಶ್ನೆಪೆಟ್ಟಿಗೆಯನ್ನು ಇಟ್ಟೆವು: "ಫಲಿತಾಂಶದ ಬಗ್ಗೆ ಮನೆಯಲ್ಲಿ ಕೇಳಲಾಗದ ಪ್ರಶ್ನೆ ಏನಾದರೂ ಇದೆಯೇ?"

ಒಂದು ಬರಹ ಬಂತು. ಬರೆದದ್ದು ಒಬ್ಬ ಹುಡುಗಿ ಎಂದು ಓದಿದರೆ ತಿಳಿಯುತ್ತಿತ್ತು. ಕನ್ನಡವೊಂದರಲ್ಲಿ ಹೋಗಿದೆ, ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ, ಇನ್ನು ಓದು ಮುಗಿಯಿತಲ್ಲವೇ ಎಂಬ ಪ್ರಶ್ನೆ. ಜೊತೆಗೆ, ತಾನು ದಿನವೂ ಹೋಗುತ್ತಿದ್ದ ಬಸ್ಸಿನ ಹೊತ್ತು, ಅದರಲ್ಲಿ ಜೊತೆಗೆ ಕೂರುತ್ತಿದ್ದ ಗೆಳತಿಯರು ಕಾಲೇಜಿಗೆ ಸೇರುತ್ತಾರೆಂಬ ಸಂಕಟ. ನಮಗೆ ಕಣ್ಣು ತುಂಬಿಬಂತು. ಇದು ಅವಳೊಬ್ಬಳ ಪ್ರಶ್ನೆಯಲ್ಲ, ಎಷ್ಟೋ ಹೆಣ್ಣುಮಕ್ಕಳದು, ಎಲ್ಲರೂ ಓದಲಿ ಎಂದುಕೊಂಡು ಆ ಬರಹವನ್ನು ಹಾಗೆಯೇ ಹಂಚಿ ಕೆಳಗೆ ಉತ್ತರ ಬರೆದೆವು. ಹೆಸರು ಕಾಣುವುದಿಲ್ಲವಲ್ಲ ಎಂಬ ಧೈರ್ಯ ನಮ್ಮದು.

ಹೆಸರು ಕಾಣಲಿಲ್ಲ. ಬಸ್ಸು ಕಂಡಿತು. ನಮ್ಮಂತಹ ಊರುಗಳಲ್ಲಿ ಆ ಹೊತ್ತಿನ ಆ ಬಸ್ಸಿಗೆ ಯಾರ ಮಗಳು ಹತ್ತುತ್ತಾಳೆಂದು ನಿಲ್ದಾಣದಲ್ಲಿ ನಿಂತವರಿಗೆಲ್ಲ ಗೊತ್ತು. ಎರಡು ಗಂಟೆಯೊಳಗೆ ಅವಳ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಅದರ ಸ್ಕ್ರೀನ್‌ಶಾಟ್ ಓಡಾಡಿತ್ತು. ಯುವಕ ಓಡಿಬಂದು ಹೇಳಿದಾಗ ಕೂಡಲೇ ಅಳಿಸಿದೆವು. ನಮ್ಮ ಪುಟದಿಂದ ಅದು ಹೋಯಿತು, ಅವರ ಮೊಬೈಲುಗಳಲ್ಲಿ ಉಳಿಯಿತು. ಬೆಳಗಾಗುವಷ್ಟರಲ್ಲಿ ಆ ಖಾತೆ ನಮ್ಮ ಹಿಂಬಾಲಕರ ಪಟ್ಟಿಯಲ್ಲಿ ಇರಲಿಲ್ಲ.

ಅಮಾನತ್ ಎಂಬುದರ ಬಗ್ಗೆ ಮಕ್ಕಳಿಗೆ ಎಷ್ಟು ಬಾರಿ ಪಾಠ ಹೇಳಿದ್ದೇವೆ! ಒಬ್ಬರು ನಂಬಿ ಕೊಟ್ಟ ಹಣದಂತೆಯೇ ಒಬ್ಬರು ನಂಬಿ ಹೇಳಿದ ಮಾತೂ ಅಮಾನತ್ ಎಂದು ವಿವರಿಸಿದ್ದೇವೆ. ಆ ಹುಡುಗಿ ತನ್ನ ಮಾತನ್ನು ನಮ್ಮ ಕೈಯಲ್ಲಿಟ್ಟಳು; ನಾವು ಅದನ್ನು ಸಂತೆಯಲ್ಲಿ ಹರಡಿದೆವು. ಒಳ್ಳೆಯ ಉದ್ದೇಶವಿತ್ತು ಎಂಬುದು ಅವಳಿಗೆ ಯಾವ ಸಮಾಧಾನ?

ಮರುದಿನ ಆಪಾ ಅವರ ಮನೆಗೆ ಹೋದರು. ನಾವೂ ಹೋಗಿ ಅವಳ ಅಬ್ಬಾ ಅವರ ಮುಂದೆ ಕುಳಿತು ಮಾಫಿ ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಜ್ರತ್, ಮಗಳು ನಿಮ್ಮನ್ನು ಕೇಳಿದಳು, ನನ್ನನ್ನು ಕೇಳಲಿಲ್ಲ. ಅದು ನನಗೆ ಚುಚ್ಚುತ್ತಿದೆ" ಎಂದರು. ನಮ್ಮ ಬಳಿ ಅದಕ್ಕೆ ಉತ್ತರವಿರಲಿಲ್ಲ. ಪರೀಕ್ಷೆ-2ರ ವಿಷಯ ಅವರಿಗೆ ತಿಳಿದೇ ಇರಲಿಲ್ಲ. ಒಂದು ವರ್ಷ ಕಾಯಬೇಕು ಎಂದುಕೊಂಡಿದ್ದರು. ಇನ್ನೂ ನೋಂದಣಿಗೆ ದಿನವಿದೆ ಎಂದಾಗ, ಯಾವ ಶಾಲೆಗೆ ಹೋಗಬೇಕು, ಯಾರನ್ನು ಕಾಣಬೇಕು ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಂಡರು. ಅವಳು ಪರೀಕ್ಷೆ ಬರೆದಳು. ಅದರ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ; ಅವಳ ವಿಷಯವನ್ನು ನಾವು ಒಮ್ಮೆ ಅಗತ್ಯಕ್ಕಿಂತ ಹೆಚ್ಚು ಹೇಳಿಯಾಗಿದೆ. ಅವಳ ಮತ್ತು ಅವಳ ತಂದೆಯ ಅನುಮತಿ ಪಡೆದು, ಊರು ಮತ್ತು ಗುರುತುಗಳನ್ನು ಬಿಟ್ಟು ಇಷ್ಟನ್ನು ಬರೆದಿದ್ದೇವೆ.

ಅಂದಿನಿಂದ ಪುಟಕ್ಕೆ ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಪೆಟ್ಟಿಗೆಗೆ ಬಂದ ಬರಹವನ್ನು ಬರೆದವರ ಮಾತಿನಲ್ಲಿ ಎಂದೂ ಹಂಚುವುದಿಲ್ಲ. ಪ್ರಶ್ನೆಯ ತಿರುಳನ್ನು ನಮ್ಮ ಮಾತಿನಲ್ಲಿ ಬರೆಯುತ್ತೇವೆ. ಊರು, ಬಸ್ಸು, ಶಾಲೆ, ಗಂಡೋ ಹೆಣ್ಣೋ ಎಂಬುದೆಲ್ಲವನ್ನೂ ತೆಗೆಯುತ್ತೇವೆ. ಬರೆದವರಿಗೆ ಅದನ್ನು ಮೊದಲು ಕಳುಹಿಸಿ "ಹಾಕಬಹುದೇ?" ಎಂದು ಕೇಳುತ್ತೇವೆ. ಉತ್ತರ ಬಾರದಿದ್ದರೆ ಹಾಕುವುದಿಲ್ಲ. ಒಪ್ಪಿದರೂ ಒಂದು ದಿನ ಬಿಟ್ಟು ಹಾಕುತ್ತೇವೆ, ಏಕೆಂದರೆ ರಾತ್ರಿ ಒಪ್ಪಿದವರು ಬೆಳಿಗ್ಗೆ ಬೇಡವೆಂದ ಉದಾಹರಣೆಗಳಿವೆ. ಹಾಕುವ ಮುನ್ನ ಮೂವರಲ್ಲಿ ಒಬ್ಬರು "ಇದು ಯಾರೆಂದು ನಾನು ಊಹಿಸಬಲ್ಲೆನೇ?" ಎಂಬ ಒಂದೇ ದೃಷ್ಟಿಯಿಂದ ಓದುತ್ತಾರೆ, ಈ ಕೆಲಸ ಆಪಾ ಅವರದು, ಊರಿನ ಮನೆಮನೆಯನ್ನೂ ಬಲ್ಲವರು ಅವರೇ. ಹೆಣ್ಣುಮಕ್ಕಳ ಬರಹಗಳಿಗೂ ಅವರೇ ಉತ್ತರಿಸುತ್ತಾರೆ, ಮತ್ತು ಪೆಟ್ಟಿಗೆಯ ಮೇಲೆಯೇ ಅದನ್ನು ತಿಳಿಸಿರುತ್ತೇವೆ. ಯಾರು ಓದುತ್ತಾರೆಂಬುದು ಬರೆಯುವವರಿಗೆ ಮೊದಲೇ ತಿಳಿದಿರಬೇಕು.

ನಮ್ಮ ಬಾಲ್ಯದಲ್ಲಿ ಭದ್ರಾವತಿ ಆಕಾಶವಾಣಿಯಿಂದ ಶ್ರೋತೃಗಳ ಪತ್ರಗಳನ್ನು ಓದುತ್ತಿದ್ದಾಗ ಮನೆಮಂದಿಯೆಲ್ಲ ರೇಡಿಯೋ ಸುತ್ತ ಕೂರುತ್ತಿದ್ದೆವು. ಹೆಸರಿನ ಜೊತೆ "ಬೀರೂರು" ಎಂಬ ಪದ ಕೇಳಿದರೆ ಬೀದಿಗೆಲ್ಲ ಹಬ್ಬ. ಅಲ್ಲಿ ಹೆಸರು ಹೇಳಿಸಿಕೊಳ್ಳುವುದೇ ಬರೆಯುವವರ ಆಸೆಯಾಗಿತ್ತು, ಏಕೆಂದರೆ ಅವರು ಕೇಳುತ್ತಿದ್ದದ್ದು ಒಂದು ಹಾಡನ್ನು. ನಾವು ಕೇಳಿದ್ದು ಮನೆಯೊಳಗಿನ ಸಂಕಟವನ್ನು. ಎರಡಕ್ಕೂ ಒಂದೇ ಪದ್ಧತಿ ಹೊಂದುತ್ತದೆ ಎಂದು ತಿಳಿದದ್ದು ನಮ್ಮ ಅವಿವೇಕ.

ಒಂದು ಮಿತಿಯನ್ನೂ ಹೇಳಿ ಮುಗಿಸುತ್ತೇವೆ. ಎಷ್ಟೇ ಎಚ್ಚರದಿಂದ ಕೇಳಿದರೂ ಮೊಬೈಲಿಲ್ಲದ ಮಗು ನಮ್ಮ ಲೆಕ್ಕದಲ್ಲಿ ಬರುವುದಿಲ್ಲ. ಅಡಿಕೆ ಸುಲಿಯುವ ಕೆಲಸಕ್ಕೆ ತಾಯಿಯ ಜೊತೆ ಹೋಗುವ ಮಗು, ಅಣ್ಣನ ಮೊಬೈಲನ್ನು ಮುಟ್ಟಲು ಅಂಜುವ ಮಗು, ಇವರ ಮಾತು ಯಾವ ಪೋಲಿಗೂ ಸಿಗುವುದಿಲ್ಲ. ಅದಕ್ಕಾಗಿ ಸಂಜೆ ತರಗತಿಯ ಬಾಗಿಲ ಬಳಿ ಬಿಸ್ಕತ್ತಿನ ಒಂದು ಹಳೆಯ ಡಬ್ಬಿಯನ್ನು ಇಟ್ಟಿದ್ದೇವೆ. ಪುಟದಲ್ಲಿ ಕೇಳಿದ ಪ್ರಶ್ನೆಯನ್ನೇ ಹಲಗೆಯ ಮೇಲೂ ಬರೆಯುತ್ತೇವೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಎಲ್ಲರೂ ಹಾಕಲೇಬೇಕು, ಬರೆಯಲು ಏನಿಲ್ಲದವರು ಖಾಲಿ ಚೀಟಿ ಹಾಕಬೇಕು. ಎಲ್ಲರೂ ಹಾಕುವುದರಿಂದ ಯಾರು ಬರೆದರೆಂದು ಪಕ್ಕದವರಿಗೆ ತಿಳಿಯುವುದಿಲ್ಲ. ಅಕ್ಷರದ ಗುರುತು ನಮಗೆ ಸಿಕ್ಕೀತೆಂದು ದೊಡ್ಡ ಅಕ್ಷರದಲ್ಲಿ, ಎಡಗೈಯಲ್ಲಿ ಬರೆದ ಚೀಟಿಗಳೂ ಬರುತ್ತವೆ. ಅವುಗಳನ್ನು ನಾವು ಎಲ್ಲಕ್ಕಿಂತ ಮೊದಲು ಓದುತ್ತೇವೆ.

ಕಳೆದ ವಾರದ ಡಬ್ಬಿಯಲ್ಲಿ ಎಂಟು ಖಾಲಿ ಚೀಟಿಗಳ ನಡುವೆ ಒಂದು ಎಡಗೈ ಚೀಟಿ ಇತ್ತು: "ಹಜ್ರತ್, ನೀವು ಅರ್ಥ ಆಯ್ತಾ ಅಂತ ಕೇಳಿದಾಗ ಎಲ್ಲರೂ ಆಯ್ತು ಅಂತಾರೆ. ನಂಗೆ ಆಗಿರಲ್ಲ." ಮರುದಿನ ನಾವು ಪಾಠ ಮುಗಿಸಿ ಆ ಪ್ರಶ್ನೆಯನ್ನು ಕೇಳಲಿಲ್ಲ. ಹಿಂದಿನ ದಿನದ ಪಾಠವನ್ನು, ಯಾರ ಮುಖವನ್ನೂ ನೋಡದೆ, ಮೊದಲಿನಿಂದ ಮತ್ತೊಮ್ಮೆ ಹೇಳಿದೆವು.

ನಂಬಿ ಹೇಳಿದವರ ಮಾತನ್ನು ಕಾಪಾಡುವ ವಿವೇಕವನ್ನು ಅಲ್ಲಾಹನು ನಮಗೂ ನಿಮಗೂ ದಯಪಾಲಿಸಲಿ. ಆಮೀನ್.